ಪೆಟ್ಟಿಗೆ ಬೆಳೆದದ್ದು ಎರಡು ಮೂರು ಸೆಂಟಿಮೀಟರ್, ಲಾರಿ ಬಾಡಿಗೆ ಬೆಳೆದದ್ದು ಕಾಲು ಭಾಗ. ಹೊಸ ಕೊಟೇಶನ್ ಕೇಳುವುದು ಹೇಗೆ?

ಸಿಂಧನೂರು ಅಂಗಡಿ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದು ಕೃಷಿ ಸಲಕರಣೆಗಳ ಅಂಗಡಿ. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಪಂಪುಗಳನ್ನು ರಾಜಕೋಟದ ಒಬ್ಬ ತಯಾರಕರಿಂದ ತರಿಸುತ್ತೇನೆ. ಜೂನ್‌ನಲ್ಲಿ ಅವರು ಕೊಟ್ಟ ಕೊಟೇಶನ್ ಹೀಗಿತ್ತು: ಅವರ ಗೋದಾಮಿನಲ್ಲಿ ಪಂಪು ಒಂದಕ್ಕೆ 1,850 ರೂಪಾಯಿ, ಸಿಂಧನೂರಿನವರೆಗಿನ ಸಾಗಣೆ ಅಂದಾಜು 110 ರೂಪಾಯಿ. ಅದನ್ನು ನಂಬಿ ಇಲ್ಲಿನ ಒಂದು ರೈತ ಸಂಘಕ್ಕೆ 432 ಪಂಪುಗಳನ್ನು ಎರಡು ಕಂತಿನಲ್ಲಿ ಕೊಡಲು ಬೆಲೆ ಒಪ್ಪಿಕೊಂಡೆ. ಕೂಲಿ, ಹಮಾಲಿ ಎಲ್ಲ ಕಳೆದರೆ ನನಗೆ ಪಂಪಿಗೆ 70 ರೂಪಾಯಿ ಉಳಿಯುವ ಲೆಕ್ಕ.

ಮೊದಲ ಕಂತು ಮೊನ್ನೆ ಬಂತು. 216 ಪಂಪು, 6 ಪ್ಯಾಲೆಟ್, ಯಾವಾಗಲೂ ಬರುವಷ್ಟೇ. ಆದರೆ ಬಿಲ್ಲಿನಲ್ಲಿ ಸಾಗಣೆ 23,760 ಇರಬೇಕಾದಲ್ಲಿ 29,862 ಇದೆ. ಫೋನ್ ಮಾಡಿದರೆ, "ಪ್ಯಾಕಿಂಗ್ ಸುಧಾರಿಸಿದ್ದೇವೆ ಸೇಠ್, ಈಗ ಪೆಟ್ಟಿಗೆಯೊಳಗೆ ಥರ್ಮೋಕೋಲ್ ಇದೆ, ಇನ್ನು ಮುಂದೆ ಟ್ಯಾಂಕು ಸೀಳುವುದಿಲ್ಲ" ಎಂದು ಸಂಭ್ರಮದಿಂದ ಹೇಳಿದರು. ಪ್ಯಾಲೆಟ್ ಕೂಡ ದೊಡ್ಡದಾಗಿದೆಯಂತೆ. ತೂಕ ಹೆಚ್ಚಿಲ್ಲ, ಪಂಪುಗಳ ಸಂಖ್ಯೆ ಹೆಚ್ಚಿಲ್ಲ, ದುಡ್ಡು ಮಾತ್ರ 6,102 ರೂಪಾಯಿ ಹೆಚ್ಚು. ಪಂಪಿಗೆ 28 ರೂಪಾಯಿ. ನನ್ನ ಲಾಭದ ಐದರಲ್ಲಿ ಎರಡು ಪಾಲು ಥರ್ಮೋಕೋಲಿಗೆ ಹೋಯಿತು.

ಎರಡನೆಯ ಕಂತು ಮುಂದಿನ ತಿಂಗಳು ಬರಬೇಕು. ಜಗಳ ಮಾಡಲೇ, ಹೊಸ ಕೊಟೇಶನ್ ಕೇಳಲೇ? ಕೇಳಿದರೆ ಏನೆಂದು ಕೇಳುವುದು?

ಗಂಗಾವತಿ ಮಿಲ್ (9:58)

ಇದರಲ್ಲಿ ಕೇಳುವುದೇನಿದೆ? ಒಪ್ಪಿದ ಬೆಲೆ ಒಪ್ಪಿದ ಬೆಲೆಯೇ. ಹಳೆಯ ಪ್ಯಾಲೆಟ್‌ನಲ್ಲೇ ಕಳಿಸಿ ಎಂದು ಖಡಾಖಂಡಿತವಾಗಿ ಬರೆಯಿರಿ. ಪ್ಯಾಲೆಟ್ ದೊಡ್ಡದಾದ್ದರಿಂದ ಬಾಡಿಗೆ ಏರಿದೆ, ಪ್ಯಾಲೆಟ್ ಚಿಕ್ಕದಾದರೆ ಇಳಿಯುತ್ತದೆ. ನಮ್ಮ ಮಿಲ್ಲಿಗೆ ರಬ್ಬರ್ ರೋಲರ್ ಕಳಿಸುವವರೂ ಒಮ್ಮೆ ಹೀಗೇ ಮಾಡಿದ್ದರು. ಎರಡು ಮಾತು ಬೈದ ಮೇಲೆ ದಾರಿಗೆ ಬಂದರು.

ಕಾರಟಗಿ ರೈತ (10:05)

ಪೆಲೆಟ್ ದರ ಈಗ ಎಷ್ಟು ನಡೆದಿದೆ? ನಮ್ಮ ಕಡೆ ಭತ್ತದ ಹೊಟ್ಟಿನ ಪೆಲೆಟ್ ಮಾಡುವ ಯಂತ್ರ ಹಾಕಬೇಕೆಂದು ಅಣ್ಣನ ಮಗ ಓಡಾಡುತ್ತಿದ್ದಾನೆ. ಅದಕ್ಕೂ ಸಾಗಣೆ ಖರ್ಚು ಬಹಳವೇ?

ಸಿಂಧನೂರು ಅಂಗಡಿ (10:07)

ಅಣ್ಣ, ಇದು ಪೆಲೆಟ್ ಅಲ್ಲ, ಪ್ಯಾಲೆಟ್. ಪೆಟ್ಟಿಗೆಗಳನ್ನು ಜೋಡಿಸಿ ಇಡುವ ಕಟ್ಟಿಗೆಯ ಹಲಗೆ.

ಕಾರಟಗಿ ರೈತ (10:08)

ಓ, ಹಲಗೆಯೇ. ಅದನ್ನು ಒಡೆದು ಒಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತದೆ.

ಬುಕಿಂಗ್ ಗುಮಾಸ್ತ, ಬಳ್ಳಾರಿ (10:31)

ಸಾಹುಕಾರರೇ, ಜಗಳಕ್ಕೆ ಮೊದಲು ಬಿಲ್ಟಿ ತೆಗೆದು ನೋಡಿ. ಅದರಲ್ಲಿ ಎರಡು ತೂಕ ಬರೆದಿರುತ್ತಾರೆ: ಒಂದು ನಿಜವಾದ ತೂಕ, ಇನ್ನೊಂದು ದುಡ್ಡು ಹಾಕುವ ತೂಕ. ಎರಡನ್ನೂ ಇಲ್ಲಿ ಹಾಕಿ. ಪ್ಯಾಲೆಟ್‌ನ ಉದ್ದ, ಅಗಲ, ಎತ್ತರ, ಹೊಸ ಪೆಟ್ಟಿಗೆಯ ಅಳತೆ, ಹಳೆಯ ಪೆಟ್ಟಿಗೆ ಒಂದಾದರೂ ಉಳಿದಿದ್ದರೆ ಅದರ ಅಳತೆ, ಇಷ್ಟು ಬೇಕು. ಟೇಪು ಹಿಡಿದು ನೀವೇ ಅಳೆಯಿರಿ. ಅವರು ಹೇಳಿದ್ದನ್ನು ಬರೆಯಬೇಡಿ.

ಸಿಂಧನೂರು ಅಂಗಡಿ (ಮಂಗಳವಾರ, ಬೆಳಿಗ್ಗೆ 8:15)

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಳೆದೆ. ಹಳೆಯ ಪೆಟ್ಟಿಗೆ ಮಾಳಿಗೆಯ ಮೇಲೆ ಇತ್ತು. ಅದರಲ್ಲಿ ನಮ್ಮ ಹುಡುಗ ನಟ್ಟು ಬೋಲ್ಟು ತುಂಬಿಟ್ಟಿದ್ದ.

ಹಳೆಯ ಪೆಟ್ಟಿಗೆ 40 × 24 × 50 ಸೆಂ.ಮೀ. ಹೊಸದು 43 × 26 × 53. ಹಳೆಯ ಪ್ಯಾಲೆಟ್ 120 × 100, ಮಾಲು ಸೇರಿ ಎತ್ತರ 165 ಎಂದು ಹಳೆಯ ಪ್ಯಾಕಿಂಗ್ ಚೀಟಿಯಲ್ಲಿದೆ. ಹೊಸ ಪ್ಯಾಲೆಟ್ 130 × 110, ಎತ್ತರ 174. ಎರಡರಲ್ಲೂ 36 ಪಂಪು.

ಬಿಲ್ಟಿಯಲ್ಲಿ ನಿಜವಾದ ತೂಕ 1,530 ಕಿಲೋ, ದುಡ್ಡು ಹಾಕಿದ ತೂಕ 3,318 ಕಿಲೋ. ಕಿಲೋಗೆ 9 ರೂಪಾಯಿ. ಇದನ್ನು ಇದುವರೆಗೆ ನಾನು ಗಮನಿಸಿಯೇ ಇರಲಿಲ್ಲ. ಇಲ್ಲದ ತೂಕಕ್ಕೆ ದುಡ್ಡು ಕೊಡುತ್ತಿದ್ದೇನೆಯೇ?

ಗಂಗಾವತಿ ಮಿಲ್ (8:22)

ನೋಡಿದಿರಾ, ಮೋಸ. 1,530 ಕಿಲೋ ಮಾಲಿಗೆ 3,318 ಕಿಲೋ ಬಾಡಿಗೆ. ಟ್ರಾನ್ಸ್‌ಪೋರ್ಟ್‌ನವರೂ ಕಂಪನಿಯವರೂ ಸೇರಿಕೊಂಡಿದ್ದಾರೆ.

ಬುಕಿಂಗ್ ಗುಮಾಸ್ತ, ಬಳ್ಳಾರಿ (9:10)

ಮೋಸವಲ್ಲ, ಮಿಲ್ ಮಾಲೀಕರೇ. ನಿಮ್ಮ ರಬ್ಬರ್ ರೋಲರ್ ಭಾರದ ಮಾಲು, ಅದಕ್ಕೆ ತೂಕದ ಮೇಲೆ ಬಾಡಿಗೆ. ಪಂಪು ಅಂದರೆ ಖಾಲಿ ಟ್ಯಾಂಕು. ಲಾರಿಯಲ್ಲಿ ಅದು ಹಿಡಿಯುವುದು ತೂಕವನ್ನಲ್ಲ, ಜಾಗವನ್ನು. ಹೀಗಾಗಿ ಹಗುರ ಮಾಲಿಗೆ ಅಳತೆಯಿಂದ ತೂಕ ಕಟ್ಟುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 27,000ದಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಒಂದು ಘನ ಅಡಿಗೆ ಇಷ್ಟು ಕಿಲೋ ಎಂದು ಒಪ್ಪಂದ ಇರುತ್ತದೆ. ಈ ಬಿಲ್ಟಿಯ ಲೆಕ್ಕ ನೋಡಿದರೆ 6 ಕಿಲೋ. ಕೆಲವರು 7, 8, 10 ಎಂದೂ ಹಾಕುತ್ತಾರೆ, ಆ ಮಟ್ಟಿಗೆ ನಿಮಗೆ ಒಳ್ಳೆಯ ದರವೇ ಸಿಕ್ಕಿದೆ.

ಹಳೆಯ ಪ್ಯಾಲೆಟ್ ಈ ಲೆಕ್ಕದಲ್ಲಿ 440 ಕಿಲೋ, ಹೊಸದು 553. ಆರು ಪ್ಯಾಲೆಟ್‌ಗೆ ನಿಮ್ಮ 3,318 ಸರಿಯಾಗಿ ಬರುತ್ತದೆ. ಬಿಲ್ಟಿಯಲ್ಲಿ ತಪ್ಪಿಲ್ಲ. ಪೆಟ್ಟಿಗೆ ಮೂರೂ ದಿಕ್ಕಿಗೆ ಸ್ವಲ್ಪ ಸ್ವಲ್ಪ ಉಬ್ಬಿತು, ಮೂರನ್ನೂ ಗುಣಿಸಿದಾಗ ಕಾಲು ಭಾಗ ಹೆಚ್ಚಾಯಿತು.

ತಪ್ಪಿರುವುದು ಬೇರೆ ಕಡೆ. ಅಳತೆ ಬದಲಾದದ್ದನ್ನು ಮಾಲು ಕಳಿಸುವ ಮೊದಲು ಅವರು ನಿಮಗೆ ಹೇಳಲಿಲ್ಲ. ಜಗಳ ಮಾಡುವುದಿದ್ದರೆ ಅದರ ಮೇಲೆ ಮಾಡಿ.

ರಾಯಚೂರು ಲೆಕ್ಕ (9:26)

ನಾನು ಲೆಕ್ಕಪತ್ರ ಬರೆಯುವವಳು, ಸಾಗಣೆಯ ಒಳಗುಟ್ಟು ಗೊತ್ತಿಲ್ಲ. ಆದರೆ ಒಂದು ಪ್ರಶ್ನೆ: ಕೊಟೇಶನ್‌ನಲ್ಲಿ 110ರ ಪಕ್ಕದಲ್ಲಿ ಏನು ಬರೆದಿದೆ? "ಅಂದಾಜು" ಎಂದು ಮಾತ್ರವೇ, ಅಥವಾ "ವಾಸ್ತವ ಖರ್ಚಿನಂತೆ" ಎಂದೂ ಇದೆಯೇ? "ಸಿಂಧನೂರಿಗೆ ತಲುಪಿಸಿ 1,960" ಎಂದು ಒಂದೇ ಬೆಲೆ ಕೊಟ್ಟಿದ್ದರೆ ಲಾರಿ ಬಾಡಿಗೆ ಏರಿದರೂ ಇಳಿದರೂ ಅದು ಅವರ ತಲೆನೋವು. ನೀವು ಹೇಳಿದ ರೀತಿ ನೋಡಿದರೆ ಹಾಗಿಲ್ಲ ಎನಿಸುತ್ತದೆ.

ಸಿಂಧನೂರು ಅಂಗಡಿ (9:40)

ಈಗ ನೋಡಿದೆ ಮೇಡಂ. ಕೆಳಗೆ ಸಣ್ಣ ಅಕ್ಷರದಲ್ಲಿ "ಸಾಗಣೆ ವಾಸ್ತವ ಖರ್ಚಿನಂತೆ, ದರ 90 ದಿನಗಳವರೆಗೆ" ಎಂದಿದೆ. ನನ್ನ ಆರ್ಡರಿನಲ್ಲಿ ನಾನು ಬರೆದದ್ದು "ನಿಮ್ಮ ಕೊಟೇಶನ್ ಪ್ರಕಾರ 432 ಪಂಪು" ಎಂದು, ಅಷ್ಟೇ.

ರಾಯಚೂರು ಲೆಕ್ಕ (9:44)

ಹಾಗಾದರೆ ಬಂದ ಕಂತಿನ 6,102ನ್ನು ಹಕ್ಕಿನಿಂದ ಕೇಳುವುದು ಕಷ್ಟ. ಸೌಜನ್ಯದಿಂದ ಕೇಳಬಹುದು. ಆರ್ಡರಿನಲ್ಲಿ "120 × 100 ಪ್ಯಾಲೆಟ್, ತಲಾ 36" ಎಂದು ಒಂದು ಸಾಲು ಬರೆದಿದ್ದರೆ ಮಾತೇ ಬೇರೆ ಆಗುತ್ತಿತ್ತು.

ಬಳ್ಳಾರಿ ಜೀನ್ಸ್ (11:02)

ನನ್ನದು ವಿರುದ್ಧ ಅಭಿಪ್ರಾಯ. ದಯವಿಟ್ಟು ಹೊಸ ಕೊಟೇಶನ್ ಕೇಳಬೇಡಿ. ಹೊಸ ಕೊಟೇಶನ್ ಎಂದರೆ ಅವರಿಗೆ ನೀವೇ ಬಾಗಿಲು ತೆರೆದ ಹಾಗೆ. ನಾನು ಬಟನ್ ತರಿಸುವಾಗ ಒಮ್ಮೆ ಬಾಡಿಗೆ ವ್ಯತ್ಯಾಸಕ್ಕೆಂದು ಹೊಸ ಕೊಟೇಶನ್ ಕೇಳಿದೆ. ಬಾಡಿಗೆ ಎರಡು ಪೈಸೆ ಇಳಿಸಿ ಬಟನ್ ಬೆಲೆ ಐದು ಪೈಸೆ ಏರಿಸಿ ಕಳಿಸಿದರು. "ಹಿತ್ತಾಳೆ ದರ ಏರಿದೆ" ಎಂದು ಕಾರಣ. ಹಳೆಯದು ರದ್ದಾದ ಹಾಗೆ ಆಯಿತು, ನಾನೇ ಕೇಳಿದ್ದೆನಲ್ಲ.

ಬುಕಿಂಗ್ ಗುಮಾಸ್ತ, ಬಳ್ಳಾರಿ (11:15)

ಈ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ "ಹೊಸ ಕೊಟೇಶನ್ ಕಳಿಸಿ" ಎಂದಷ್ಟೇ ಬರೆಯಬಾರದು. ಹಳೆಯ ಕೊಟೇಶನ್‌ನ ಸಂಖ್ಯೆ, ತಾರೀಖು ಹಾಕಿ, ಪಂಪಿನ ಬೆಲೆ 1,850 ಅದರಂತೆಯೇ ಮುಂದುವರಿಯುತ್ತದೆ, ಬದಲಾದ ಪ್ಯಾಕಿಂಗ್‌ನಿಂದಾಗಿ ಸಾಗಣೆಯ ಸಾಲನ್ನು ಮಾತ್ರ ಪರಿಷ್ಕರಿಸಿ ಕೊಡಿ ಎಂದು ಬರೆಯಬೇಕು. 90 ದಿನ ಇನ್ನೂ ಮುಗಿದಿಲ್ಲವಲ್ಲ, ಅದೇ ನಿಮ್ಮ ಹಿಡಿತ. ಆ ಅವಧಿ ಮುಗಿದ ಮೇಲೆ ಕೇಳಿದರೆ ಜೀನ್ಸ್‌ನವರಿಗೆ ಆದದ್ದೇ ಆಗುತ್ತದೆ.

ಗಂಗಾವತಿ ಮಿಲ್ (11:20)

ಇಷ್ಟೆಲ್ಲ ಬರೆಯುವ ಬದಲು ಹಳೆಯ ಪ್ಯಾಲೆಟ್ ಕೇಳಿದರೆ ಮುಗಿಯಿತು ಎಂದು ನಾನು ನಿನ್ನೆಯೇ ಹೇಳಿದೆ.

ಬುಕಿಂಗ್ ಗುಮಾಸ್ತ, ಬಳ್ಳಾರಿ (12:48)

ಊಟದ ಬಿಡುವಿನಲ್ಲಿ ಆ ಲೆಕ್ಕವನ್ನೂ ಮಾಡಿದೆ. ಕೇಳಿ.

ಹಳೆಯ ಪೆಟ್ಟಿಗೆ 40 × 24. 120 ಉದ್ದದಲ್ಲಿ ಸರಿಯಾಗಿ ಮೂರು, 100 ಅಗಲದಲ್ಲಿ ನಾಲ್ಕು ಕೂರುತ್ತವೆ. ವರಸೆಗೆ 12, ಮೂರು ವರಸೆ, 36. ಆ ಪೆಟ್ಟಿಗೆಯನ್ನು ಆ ಪ್ಯಾಲೆಟ್‌ಗೆಂದೇ ಯಾರೋ ತಲೆ ಓಡಿಸಿ ಮಾಡಿದ್ದರು. ಹೊಸ ಪೆಟ್ಟಿಗೆ 43. ಮೂರು ಇಟ್ಟರೆ 129, ಹಳೆಯ ಹಲಗೆಯಿಂದ 9 ಸೆಂ.ಮೀ. ಆಚೆ ಚಾಚುತ್ತದೆ. ಚಾಚದಂತೆ ಇಡಬೇಕೆಂದರೆ ನಾನು ಹೇಗೆ ತಿರುಗಿಸಿದರೂ ವರಸೆಗೆ 8 ಮಾತ್ರ ಕೂತವು. ಅಂದರೆ ಪ್ಯಾಲೆಟ್‌ಗೆ 36ರ ಬದಲು 24.

ಈಗ ಬಾಡಿಗೆ ನೋಡಿ. ಆ 24 ಪಂಪುಗಳ ಪ್ಯಾಲೆಟ್ 464 ಕಿಲೋ ಲೆಕ್ಕಕ್ಕೆ ಬರುತ್ತದೆ, 4,176 ರೂಪಾಯಿ. ಪಂಪಿಗೆ 174. ಈಗ ನೀವು ಕೊಡುತ್ತಿರುವುದು 138. ಮಿಲ್ ಮಾಲೀಕರ ಮಾತು ಕೇಳಿ ಹಳೆಯ ಪ್ಯಾಲೆಟ್‌ಗೆ ಹಟ ಹಿಡಿದರೆ ಪಂಪಿಗೆ ಇನ್ನೂ 36 ರೂಪಾಯಿ ಕಳೆದುಕೊಳ್ಳುತ್ತೀರಿ. ಪ್ಯಾಲೆಟ್ ದೊಡ್ಡದು ಮಾಡಿದವರು ಪೆದ್ದರಲ್ಲ. ಪೆಟ್ಟಿಗೆ ಬೆಳೆದ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ಪ್ಯಾಲೆಟ್‌ನ ಗಾತ್ರ ನೋಡಬೇಡಿ, ಪಂಪಿಗೆ ಎಷ್ಟು ಬಿತ್ತು ಎಂದು ನೋಡಿ.

ಗಂಗಾವತಿ ಮಿಲ್ (12:55)

9 ಸೆಂ.ಮೀ. ಚಾಚಿದರೆ ಏನಾಗುತ್ತದೆ? ನಮ್ಮ ಅಕ್ಕಿ ಚೀಲಗಳು ಲಾರಿಯಿಂದ ಒಂದು ಅಡಿ ಹೊರಗೆ ಚಾಚಿಕೊಂಡೇ ಬೆಂಗಳೂರು ತಲುಪುತ್ತವೆ.

ರಟ್ಟಿನ ಪೆಟ್ಟಿಗೆ, ಬಳ್ಳಾರಿ (1:30)

ಅಕ್ಕಿ ಚೀಲಕ್ಕೆ ಮೂಲೆ ಇಲ್ಲ, ರಟ್ಟಿನ ಪೆಟ್ಟಿಗೆಗೆ ಇದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟಾಗ ಭಾರ ಹೊರುವುದು ಹೆಚ್ಚಾಗಿ ಅದರ ನಾಲ್ಕು ಮೂಲೆಗಳು. ಮೂಲೆ ಹಲಗೆಯಿಂದ ಆಚೆ ಬಂದು ಗಾಳಿಯಲ್ಲಿ ನಿಂತರೆ ಕೆಳಗಿನ ವರಸೆ ಕುಸಿಯುತ್ತದೆ. ಹಾಗೆ ಕುಸಿದ ಪೆಟ್ಟಿಗೆ ನೋಡಿದರೆ ತಿಳಿಯುತ್ತದೆ: ಹೊರಮೂಲೆಯಲ್ಲಿ ಅಡ್ಡಲಾಗಿ ನೆರಿಗೆ ಬಿದ್ದಿರುತ್ತದೆ, ಒಳಮೂಲೆ ನೆಟ್ಟಗೆ ಇರುತ್ತದೆ.

ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಟ್ಯಾಂಕು ಸೀಳುತ್ತಿದ್ದದ್ದು ಎಲ್ಲಿ? ತಳದಲ್ಲೋ, ಬಾಯಿಯ ಹತ್ತಿರವೋ? ತಳದಲ್ಲಿ ಮಾತ್ರ ಎಂದಾದರೆ ಆರೂ ಕಡೆ ಥರ್ಮೋಕೋಲ್ ಸುತ್ತುವ ಅಗತ್ಯವೇ ಇಲ್ಲ. ತಳಕ್ಕೆ ಒಂದು ರಟ್ಟಿನ ತಟ್ಟೆ, ಪೆಟ್ಟಿಗೆ ಮೂರು ಪದರದ್ದಿದ್ದರೆ ಐದು ಪದರ, ಇಷ್ಟು ಸಾಕಾಗಬಹುದು. ಐದು ಪದರ ಹಾಕಿದರೂ ಹೊರ ಅಳತೆ 40 ದಾಟದಂತೆ ಒಳಗೆ ಜಾಗ ಇದೆಯೇ ಎಂದು ನೋಡಬೇಕು. 40 ದಾಟಿ 41 ಆದರೂ ಮೂರು ಪೆಟ್ಟಿಗೆ 123 ಆಗುತ್ತದೆ, ಕತೆ ಮತ್ತೆ ಮೊದಲಿಗೇ ಬರುತ್ತದೆ.

ಸಿಂಧನೂರು ಅಂಗಡಿ (2:10)

ತಳದಲ್ಲೇ ಸೀಳುತ್ತಿತ್ತು. ಬ್ಯಾಟರಿ ಕೂರುವ ಕಡೆ. ಕಳೆದ ವರ್ಷ 216ರಲ್ಲಿ 5 ಹೋಗಿದ್ದವು, ಅವರು ಬದಲಿ ಟ್ಯಾಂಕು ಕಳಿಸಿದ್ದರು. ಈ ಸಲ ಒಂದೂ ಸೀಳಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಬಳ್ಳಾರಿ ಜೀನ್ಸ್ (2:14)

ಅಂದರೆ ಬದಲಿ ಟ್ಯಾಂಕಿನ ಖರ್ಚು ಉಳಿದದ್ದು ಅವರಿಗೆ, ಬಾಡಿಗೆ ಬಿದ್ದದ್ದು ನಿಮಗೆ! ಇದನ್ನು ಪತ್ರದಲ್ಲಿ ಬರೆಯಲೇಬೇಕು.

ಕುಷ್ಟಗಿ ದಾಳಿಂಬೆ (3:05)

ನಮ್ಮದೂ ಒಂದು ಕತೆ. ದಾಳಿಂಬೆಯ ಪೆಟ್ಟಿಗೆಗಳನ್ನು ನಾವು ಮಡಚಿದ ರಟ್ಟಿನ ರೂಪದಲ್ಲಿ ತರಿಸುತ್ತೇವೆ. ಒಂದು ವರ್ಷ ಅವನು "ನಿಮಗೆ ಅನುಕೂಲವಾಗಲಿ" ಎಂದು ಪೆಟ್ಟಿಗೆಗಳನ್ನು ಮಡಚದೆ, ಅಂಟಿಸಿ, ಕಟ್ಟಿಯೇ ಕಳಿಸಿದ. ಲಾರಿ ತುಂಬ ಗಾಳಿ ಬಂತು. ಬಾಡಿಗೆ ಕೊಟ್ಟು ಗಾಳಿ ತರಿಸಿದ ಊರಿನ ಮೊದಲ ಮನುಷ್ಯ ನಾನೇ ಎಂದು ಹೆಂಡತಿ ಈಗಲೂ ನಗುತ್ತಾಳೆ.

ಮಾನ್ವಿ ಮೂಲೆ ಅಂಗಡಿ (3:40)

ನಾನೂ ಅಂಥದೇ ಪಂಪು ತರಿಸುತ್ತೇನೆ. ಇಬ್ಬರೂ ಸೇರಿ ಒಂದು ಇಡೀ ಗಾಡಿ ಮಾಡಿಕೊಂಡರೆ ಅಳತೆ ತೂಕದ ಗೋಜೇ ಇರುವುದಿಲ್ಲವಲ್ಲ?

ಬುಕಿಂಗ್ ಗುಮಾಸ್ತ, ಬಳ್ಳಾರಿ (4:20)

ಇಡೀ ಗಾಡಿಯಲ್ಲಿ ತೂಕದ ಗೋಜು ಇಲ್ಲ, ಪ್ಯಾಲೆಟ್‌ನ ಗೋಜು ಇನ್ನೂ ಹೆಚ್ಚು. 20 ಅಡಿಯ ಕಂಟೇನರ್‌ನ ಒಳ ಅಗಲ ಸುಮಾರು 235 ಸೆಂ.ಮೀ. ಹಳೆಯ ಪ್ಯಾಲೆಟ್‌ಗಳಲ್ಲಿ ಒಂದನ್ನು ಉದ್ದಕ್ಕೆ, ಪಕ್ಕದ್ದನ್ನು ಅಡ್ಡಕ್ಕೆ ಇಟ್ಟರೆ 120ಕ್ಕೆ 100 ಸೇರಿ 220, ಆರಾಮವಾಗಿ ಹೋಗುತ್ತದೆ. ಹಾಗೆ ಅಲ್ಲಲ್ಲಿ ತಿರುಗಿಸಿ 10 ಪ್ಯಾಲೆಟ್ ಹಿಡಿಸಬಹುದು. ಹೊಸದರಲ್ಲಿ 130ಕ್ಕೆ 110 ಸೇರಿದರೆ 240. ಐದು ಸೆಂಟಿಮೀಟರಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಇಡಬೇಕು, 8 ಮಾತ್ರ ಹಿಡಿಯುತ್ತವೆ, ಹಿಂದೆ ಎರಡಡಿಗೂ ಮಿಕ್ಕು ಜಾಗ ಖಾಲಿ ಉಳಿಯುತ್ತದೆ. ಗಾಡಿಯ ಬಾಡಿಗೆ ಅಷ್ಟೇ, ಪಂಪು 360ರ ಬದಲು 288.

ಇನ್ನೊಂದು. ನಿಮ್ಮಿಬ್ಬರ ಅಂಗಡಿಯಲ್ಲೂ ಫೋರ್ಕ್‌ಲಿಫ್ಟ್ ಇಲ್ಲ ಎಂದು ನನ್ನ ಊಹೆ. ಹಾಗಿದ್ದಮೇಲೆ ಪ್ಯಾಲೆಟ್ ಯಾರಿಗಾಗಿ?

ಸಿಂಧನೂರು ಅಂಗಡಿ (4:31)

ನಿಜ. ಗಾಡಿ ಬಂದರೆ ಹಮಾಲರು ಮೇಲೆ ಹತ್ತಿ ಪ್ಲಾಸ್ಟಿಕ್ ಹರಿದು ಒಂದೊಂದೇ ಪೆಟ್ಟಿಗೆ ಇಳಿಸುತ್ತಾರೆ. ಹಲಗೆಗಳು ಹಿತ್ತಲಿನಲ್ಲಿ ಬಿದ್ದಿವೆ. ಕಾರಟಗಿ ಅಣ್ಣ ಹೇಳಿದ ಹಾಗೆ ಒಲೆಗೇ.

ಬುಕಿಂಗ್ ಗುಮಾಸ್ತ, ಬಳ್ಳಾರಿ (4:45)

ಬಿಡಿ ಪೆಟ್ಟಿಗೆಗಳಾಗಿ ಬುಕ್ ಮಾಡಿದರೆ ಹಲಗೆಯ ಎತ್ತರ, ಪೆಟ್ಟಿಗೆಗಳ ನಡುವಿನ ಸಂದು ಯಾವುದಕ್ಕೂ ಬಾಡಿಗೆ ಇಲ್ಲ. ಹೊಸ ಪೆಟ್ಟಿಗೆಯೇ ಇದ್ದರೂ ಪಂಪಿಗೆ ಸುಮಾರು 118 ರೂಪಾಯಿ ಬೀಳುತ್ತದೆ. 138 ಎಲ್ಲಿ, 118 ಎಲ್ಲಿ? ಹಳೆಯ ಅಂದಾಜಿಗಿಂತ 8 ರೂಪಾಯಿ ಮಾತ್ರ ಹೆಚ್ಚು.

ಆದರೆ ಅಪಾಯವನ್ನೂ ಹೇಳಿಬಿಡುತ್ತೇನೆ. ಬಿಡಿ ಮಾಲು ದಾರಿಯಲ್ಲಿ ಕನಿಷ್ಠ ಒಂದು ಕಡೆ ಗಾಡಿ ಬದಲಾಗುತ್ತದೆ, ಕೆಲವೊಮ್ಮೆ ಎರಡು ಕಡೆ. ಪ್ಯಾಲೆಟ್ ಆದರೆ ಯಂತ್ರ ಎತ್ತಿ ಇಡುತ್ತದೆ. ಬಿಡಿ ಪೆಟ್ಟಿಗೆಯನ್ನು ಕೈಯಿಂದ ಕೈಗೆ ಎಸೆಯುತ್ತಾರೆ. ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, "ಜೋಪಾನ" ಎಂಬ ಚೀಟಿ ಓದಿ ಎಸೆಯುವುದನ್ನು ನಿಲ್ಲಿಸಿದವರನ್ನು ಕಂಡಿಲ್ಲ. ಪೆಟ್ಟಿಗೆ ಕಡಿಮೆ ಬೀಳಬಹುದು ಕೂಡ. 6 ಪ್ಯಾಲೆಟ್ ಎಣಿಸುವುದು ಸುಲಭ, 216 ಪೆಟ್ಟಿಗೆ ಎಣಿಸಿ ಬಿಲ್ಟಿಗೆ ಸಹಿ ಹಾಕಬೇಕು.

ರಟ್ಟಿನ ಪೆಟ್ಟಿಗೆ, ಬಳ್ಳಾರಿ (4:52)

ಎಸೆದರೆ ಈಗ ಒಳಗೆ ಥರ್ಮೋಕೋಲ್ ಇದೆಯಲ್ಲ. ಅದಕ್ಕೆ ದುಡ್ಡು ಕೊಟ್ಟಾಗಿದೆ, ಕೆಲಸ ಮಾಡಲಿ.

ರಾಯಚೂರು ಲೆಕ್ಕ (5:30)

ಹೋಲಿಸುವಾಗ ತೆರಿಗೆಯನ್ನು ಮರೆಯಬೇಡಿ. ಸಾಗಣೆಯನ್ನು ಅವರು ತಮ್ಮ ಬಿಲ್ಲಿನಲ್ಲೇ ಸೇರಿಸಿದರೆ ಅದರ ಮೇಲೂ ಪಂಪಿಗೆ ಹಾಕುವ ದರದಲ್ಲೇ ಜಿಎಸ್‌ಟಿ ಬರುತ್ತದೆ. ಪ್ಯಾಕಿಂಗ್ ಶುಲ್ಕಕ್ಕೂ ಅಷ್ಟೇ. ಬಾಡಿಗೆಯನ್ನು ನೀವೇ ಇಲ್ಲಿ ಟ್ರಾನ್ಸ್‌ಪೋರ್ಟ್‌ನವರಿಗೆ ಕೊಟ್ಟರೆ, ಅವರು ಬಿಲ್ಲಿನಲ್ಲಿ ತೆರಿಗೆ ಹಾಕದಿದ್ದಾಗ, ನೋಂದಾಯಿತ ವ್ಯಾಪಾರಿಯಾದ ನೀವೇ ಅದರ ಮೇಲೆ 5 ಪ್ರತಿಶತ ಕಟ್ಟಬೇಕಾಗುತ್ತದೆ. ಸಾಮಾನ್ಯ ನೋಂದಣಿ ಇದ್ದರೆ ಎರಡೂ ಹಿಂದಕ್ಕೆ ಸಿಗುತ್ತವೆ. ಕಾಂಪೊಸಿಷನ್‌ನಲ್ಲಿದ್ದರೆ ಎರಡೂ ಖರ್ಚೇ. ನೀವು ಯಾವುದರಲ್ಲಿ?

ಸಿಂಧನೂರು ಅಂಗಡಿ (5:33)

ಸಾಮಾನ್ಯ ನೋಂದಣಿ.

ರಾಯಚೂರು ಲೆಕ್ಕ (5:34)

ಹಾಗಾದರೆ ತೆರಿಗೆ ಇಲ್ಲದ ಮೊತ್ತಗಳನ್ನೇ ಹೋಲಿಸಿ. ಗೊಂದಲ ಬೇಡ.

ಬುಕಿಂಗ್ ಗುಮಾಸ್ತ, ಬಳ್ಳಾರಿ (ರಾತ್ರಿ 8:50)

ಮನೆಗೆ ಬಂದು ಪತ್ರದ ಕರಡು ಬರೆದಿದ್ದೇನೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೀವೇ ಮಾಡಿಕೊಳ್ಳಿ.

"ನಿಮ್ಮ ಜೂನ್ ತಿಂಗಳ ಕೊಟೇಶನ್ ಪ್ರಕಾರ 432 ಪಂಪುಗಳಿಗೆ ಆರ್ಡರ್ ಕೊಟ್ಟಿದ್ದೇವೆ. ಮೊದಲ ಕಂತಿನ 216 ಪಂಪುಗಳು ತಲುಪಿವೆ, ಒಂದೂ ಒಡೆದಿಲ್ಲ. ಆದರೆ ಪೆಟ್ಟಿಗೆಯ ಅಳತೆ 40 × 24 × 50ರಿಂದ 43 × 26 × 53ಕ್ಕೂ, ಪ್ಯಾಲೆಟ್‌ನ ಅಳತೆ 120 × 100 × 165ರಿಂದ 130 × 110 × 174ಕ್ಕೂ ಬದಲಾಗಿದ್ದು, ಸಾಗಣೆ ಪಂಪಿಗೆ 110ರಿಂದ 138 ರೂಪಾಯಿಗೆ ಏರಿದೆ. ಈ ಬದಲಾವಣೆಯನ್ನು ಮಾಲು ಕಳಿಸುವ ಮೊದಲು ನಮಗೆ ತಿಳಿಸಿರಲಿಲ್ಲ. ಪಂಪಿನ ಬೆಲೆ 1,850 ಹಿಂದಿನ ಕೊಟೇಶನ್‌ನಂತೆಯೇ ಇರಲಿ. ಎರಡನೆಯ ಕಂತಿಗೆ ಸಾಗಣೆಯನ್ನು ಮಾತ್ರ ಪರಿಷ್ಕರಿಸಿ ಮೂರು ಬಗೆಯಲ್ಲಿ ದರ ಕೊಡಿ: ಈಗಿನ ಪ್ಯಾಲೆಟ್‌ನಲ್ಲಿ, ಪ್ಯಾಲೆಟ್ ಇಲ್ಲದೆ ಬಿಡಿ ಪೆಟ್ಟಿಗೆಗಳಲ್ಲಿ, ಹಾಗೂ ಹಳೆಯ ಅಳತೆಯ ಪೆಟ್ಟಿಗೆಯಲ್ಲಿ. ಪ್ರತಿಯೊಂದಕ್ಕೂ ಪೆಟ್ಟಿಗೆಯ ಹೊರ ಅಳತೆ, ತೂಕ, ಘನ ಅಡಿಗೆ ಎಷ್ಟು ಕಿಲೋ, ಕಿಲೋಗೆ ಎಷ್ಟು ರೂಪಾಯಿ ಎಂದು ಬರೆಯಿರಿ. ನಾವು ಲಿಖಿತವಾಗಿ ಒಪ್ಪುವವರೆಗೆ ಎರಡನೆಯ ಕಂತನ್ನು ಕಳಿಸಬೇಡಿ."

ಕೊನೆಯ ವಾಕ್ಯ ಮುಖ್ಯ. ಅದಿಲ್ಲದಿದ್ದರೆ ಪತ್ರ ಓದುವ ಮೊದಲೇ ಗಾಡಿ ಹೊರಟಿರುತ್ತದೆ.

ಮೊದಲ ಕಂತಿನ 6,102ರ ಮಾತನ್ನು ಇದರಲ್ಲಿ ಸೇರಿಸಿಲ್ಲ. ಅದನ್ನು ಫೋನಿನಲ್ಲಿ, ನಗುತ್ತ, ಬದಲಿ ಟ್ಯಾಂಕಿನ ಖರ್ಚು ಉಳಿಯಿತಲ್ಲ ಎಂದು ಕೇಳಿ.

ಬಳ್ಳಾರಿ ಜೀನ್ಸ್ (9:04)

ನಾನಾದರೆ 6,102ನ್ನೂ ಬರೆಯುತ್ತಿದ್ದೆ. ಬರೆಯದಿದ್ದರೆ ಒಪ್ಪಿದ ಹಾಗೆ.

ರಾಯಚೂರು ಲೆಕ್ಕ (9:10)

ಇದರಲ್ಲಿ ನಾನು ಜೀನ್ಸ್‌ನವರ ಪಕ್ಷ. ಕೇಳುವುದು ಬೇಡ, ಆದರೆ "ಮೊದಲ ಕಂತಿನ ವ್ಯತ್ಯಾಸವನ್ನು ಪ್ರತ್ಯೇಕವಾಗಿ ಮಾತನಾಡುತ್ತೇವೆ" ಎಂಬ ಒಂದು ಸಾಲು ಇರಲಿ.

ಗಂಗಾವತಿ ಮಿಲ್ (9:15)

27,000 ಎಲ್ಲಿಂದ ಬಂತು? ಒಂದು ಅಡಿ 30.48 ಸೆಂ.ಮೀ. ಮಗಳ ಹತ್ತಿರ ಲೆಕ್ಕ ಮಾಡಿಸಿದೆ, ಘನ ಅಡಿ ಎಂದರೆ 28,317 ಬರುತ್ತದೆ. ನಿಮ್ಮವರು 30 ಎಂದು ಹಿಡಿದು ಗುಣಿಸಿದ್ದಾರೆ. ಇದು ಮೋಸ ಅಲ್ಲವೇ?

ಬುಕಿಂಗ್ ಗುಮಾಸ್ತ, ಬಳ್ಳಾರಿ (9:32)

ಈ ಸಲ ನಿಮ್ಮ ಮಾತು ಸರಿ, ಮಗಳಿಗೆ ಶಹಬ್ಬಾಸ್ ಹೇಳಿ. 27,000 ರೂಢಿಯ ಸಂಖ್ಯೆ. ಅದರಿಂದ ಟ್ರಾನ್ಸ್‌ಪೋರ್ಟ್‌ನವರಿಗೆ ಸುಮಾರು 5 ಪ್ರತಿಶತ ಲಾಭ, ನಿಮ್ಮ ಲೆಕ್ಕದಲ್ಲಿ ಪಂಪಿಗೆ 6 ರೂಪಾಯಿಗೂ ಮಿಕ್ಕು. ಒಪ್ಪಂದದಲ್ಲಿ ಬರೆದಿದ್ದರೆ ಏನೂ ಮಾಡಲಾಗದು. ಬರೆದಿಲ್ಲದಿದ್ದರೆ ಕೇಳಬಹುದು. ದೊಡ್ಡ ಗಿರಾಕಿ ಕೇಳಿದರೆ ಕೊಡುತ್ತೇವೆ, ಸಣ್ಣವರು ಕೇಳಿದರೆ ನಗುತ್ತೇವೆ. ನಾನು ಆ ಕುರ್ಚಿಯಲ್ಲೇ ಕೂತವನು, ಸುಳ್ಳು ಯಾಕೆ ಹೇಳಲಿ.

ಕಾರಟಗಿ ರೈತ (9:50)

ಎಲ್ಲ ಸರಿ, ಪಂಪಿನ ಬೆಲ್ಟು ಯಾಕೆ ಎರಡೇ ತಿಂಗಳಿಗೆ ಹರಿಯುತ್ತದೆ? ಪೆಟ್ಟಿಗೆಗೆ ಹಾಕಿದ ಥರ್ಮೋಕೋಲನ್ನು ಬೆಲ್ಟಿಗೆ ಹಾಕಿದ್ದರೆ ಬೆನ್ನಿಗಾದರೂ ಹಿತವಾಗುತ್ತಿತ್ತು.

ಮಾನ್ವಿ ಮೂಲೆ ಅಂಗಡಿ (9:58)

ಈ ಸಲ ಕಾಲುವೆ ನೀರು ಸರಿಯಾಗಿ ಬಂದರೆ ಇದೆಲ್ಲ ತಲೆನೋವು ಸಾರ್ಥಕ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ದಿನ ಗಾಬರಿಯಲ್ಲಿ ನನ್ನ ಪಂಪಿನ ಆರ್ಡರನ್ನೇ ರದ್ದು ಮಾಡಿದ್ದೆ. ಆಮೇಲೆ ಜಲಾಶಯ ಮತ್ತೆ ತುಂಬಿತು, ಗಿರಾಕಿಗಳು ಬಂದರು, ಅಂಗಡಿಯಲ್ಲಿ ಪಂಪು ಇರಲಿಲ್ಲ.

ಸಿಂಧನೂರು ಅಂಗಡಿ (ಶನಿವಾರ, ಸಂಜೆ 6:20)

ಉತ್ತರ ಬಂದಿದೆ. ಪತ್ರ ಕಳಿಸಿದ ಮೂರನೆಯ ದಿನ ಪರಿಷ್ಕೃತ ಕೊಟೇಶನ್ ಕಳಿಸಿದರು. ಪಂಪು 1,850, ಅದನ್ನು ಮುಟ್ಟಿಲ್ಲ. ಪ್ಯಾಲೆಟ್‌ನಲ್ಲಾದರೆ ಸಾಗಣೆ 138. ಬಿಡಿ ಪೆಟ್ಟಿಗೆಯಲ್ಲಾದರೆ 119, ಆದರೆ "ದಾರಿಯಲ್ಲಿ ಒಡೆದರೆ ಬದಲಿ ಟ್ಯಾಂಕು ಕೊಡುವುದಿಲ್ಲ" ಎಂದು ಕೆಳಗೆ ಸೇರಿಸಿದ್ದಾರೆ. ಹಳೆಯ ಪೆಟ್ಟಿಗೆ ಇನ್ನು ಸಾಧ್ಯವಿಲ್ಲ, ಹೊಸ ಅಳತೆಯ ರಟ್ಟು ಹತ್ತು ಸಾವಿರ ಮುದ್ರಿಸಿ ಇಟ್ಟಿದ್ದಾರಂತೆ.

6,102ರ ಬಗ್ಗೆ ಫೋನಿನಲ್ಲಿ ಬದಲಿ ಟ್ಯಾಂಕಿನ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ಕಂತಿನ ಬಿಲ್ಲಿನಲ್ಲಿ 3,000 ಕಡಿಮೆ ಮಾಡುತ್ತೇವೆ ಎಂದರು. ಬರೆದು ಕೊಡಿ ಎಂದಿದ್ದೇನೆ, ಇನ್ನೂ ಬಂದಿಲ್ಲ.

ಈಗ ಪ್ರಶ್ನೆ: 19 ರೂಪಾಯಿ ಉಳಿಸಿ ಒಡೆಯುವ ಅಪಾಯ ನಾನು ಹೊರಲೇ? 216 ಪಂಪಿಗೆ 4,104 ರೂಪಾಯಿ ಉಳಿಯುತ್ತದೆ. ಎರಡು ಪಂಪು ಪೂರ್ತಿ ಹೋದರೂ ನಷ್ಟವಿಲ್ಲ, ಮೂರನೆಯದು ಹೋದರೆ ನಷ್ಟ.

ಬಳ್ಳಾರಿ ಜೀನ್ಸ್ (6:28)

ಬಿಡಿಯಾಗಿ ತರಿಸಿ. ಟ್ಯಾಂಕು ಸೀಳಿದರೆ ಪಂಪು ಪೂರ್ತಿ ಹೋಗುವುದಿಲ್ಲವಲ್ಲ. ಟ್ಯಾಂಕನ್ನು ಮಾತ್ರ ದುಡ್ಡು ಕೊಟ್ಟು ತರಿಸಬಹುದು.

ಬುಕಿಂಗ್ ಗುಮಾಸ್ತ, ಬಳ್ಳಾರಿ (6:45)

ನಾನಾದರೆ ಪ್ಯಾಲೆಟ್‌ನಲ್ಲೇ ತರಿಸುತ್ತೇನೆ. ಮಳೆಗಾಲ, ರಟ್ಟು ಒದ್ದೆಯಾದರೆ ಥರ್ಮೋಕೋಲ್ ಏನು ಮಾಡುತ್ತದೆ? ಪ್ಯಾಲೆಟ್‌ಗೆ ಸುತ್ತಲೂ ಪ್ಲಾಸ್ಟಿಕ್ ಸುತ್ತಿರುತ್ತಾರೆ. ಅದಿರಲಿ, ಬಿಡಿ ಪೆಟ್ಟಿಗೆಗೆ 118 ಎಂದು ನಾನು ಲೆಕ್ಕ ಕೊಟ್ಟಿದ್ದೆ, ಅವರು 119 ಹಾಕಿದ್ದಾರೆ. ಕೇವಲ ಪೂರ್ಣಾಂಕ ಮಾಡಿದ್ದೋ, ಪೆಟ್ಟಿಗೆ ಮತ್ತೆ ಬೆಳೆದಿದೆಯೋ, ಕೊಟೇಶನ್‌ನಲ್ಲಿ ಹೊರ ಅಳತೆ ಏನು ಬರೆದಿದ್ದಾರೆ ನೋಡಿ.

ಸಿಂಧನೂರು ಅಂಗಡಿ (6:52)

43 × 26 × 53 ಎಂದೇ ಇದೆ. ಆದರೆ ಅದರ ಮುಂದೆ "ಸುಮಾರು" ಎಂದು ಸೇರಿಸಿದ್ದಾರೆ.

ಬುಕಿಂಗ್ ಗುಮಾಸ್ತ, ಬಳ್ಳಾರಿ (6:54)

ಆ "ಸುಮಾರು" ತೆಗೆಸಿ, ಆಮೇಲೆ ಒಪ್ಪಿ.